ನೈಟ್ರೇಟ್ ಕಿಟ್‌ನ ಗುಲಾಬಿ ಬಣ್ಣ ಫೋನಿನಲ್ಲಿ ಒಂದೊಂದು ಸಲ ಒಂದೊಂದಾಗಿ ಕಾಣುತ್ತಿದೆಯೇ? ದೋಷ ಎಲ್ಲಿದೆ ಎಂದು ಹುಡುಕುವ ಕ್ರಮ

ಬೋರ್‌ವೆಲ್ ನೀರಿನ ನೈಟ್ರೇಟ್ ಪರೀಕ್ಷಿಸುವ ಕಿಟ್‌ನಲ್ಲಿ ನೀರಿಗೆ ಪುಡಿ ಹಾಕಿ ಕುಲುಕಿ, ಹೇಳಿದಷ್ಟು ನಿಮಿಷ ಕಾಯಬೇಕು. ಆಮೇಲೆ ಮೂಡಿದ ಗುಲಾಬಿ ಬಣ್ಣವನ್ನು ಜೊತೆಗೆ ಬಂದ ಕಾರ್ಡಿನ ಚೌಕಗಳಿಗೆ ಹೋಲಿಸಬೇಕು. ಕಣ್ಣಿನ ಬದಲು ಫೋನ್ ಕ್ಯಾಮೆರಾ ಬಳಸಿದಾಗ ಸಾಮಾನ್ಯವಾಗಿ ಬರುವ ದೂರು ಇದು: ಅದೇ ನಳಿಕೆ ಬೆಳಿಗ್ಗೆ ಜಗಲಿಯಲ್ಲಿ 25ರ ಚೌಕಕ್ಕೆ ಹೊಂದುತ್ತದೆ, ಒಳಗೆ ಟ್ಯೂಬ್‌ಲೈಟ್ ಕೆಳಗೆ 75ರ ಹತ್ತಿರ ಹೋಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ನೈಟ್ರೇಟಿಗೆ ಇಟ್ಟಿರುವ ಮಿತಿ ಲೀಟರಿಗೆ 45 ಮಿಲಿಗ್ರಾಂ, ಅದಕ್ಕೆ ಸಡಿಲಿಕೆ ಇಲ್ಲ. ಹಾಗಾಗಿ 25 ಮತ್ತು 75ರ ನಡುವಿನ ಗೊಂದಲ ಎಂದರೆ ನೀರು ಕುಡಿಯಬಹುದೇ ಬೇಡವೇ ಎಂಬುದೇ ಗೊಂದಲ. ಬಾಟಲಿ ಹಾಲು ಕುಡಿಯುವ ಹಸುಗೂಸು ಇರುವ ಮನೆಯಲ್ಲಂತೂ ಇದನ್ನು ಹಾಗೇ ಬಿಡುವಂತಿಲ್ಲ. ನೀರು ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಹೆಚ್ಚಾಗುತ್ತದೆ.

ಕೆಳಗಿನ ಕ್ರಮವನ್ನು ಮೇಲಿನಿಂದ ಕೆಳಕ್ಕೇ ಅನುಸರಿಸಿ. ಹೆಚ್ಚಿನವರು ಮೊದಲು ಫೋನಿನ ಸೆಟ್ಟಿಂಗ್ ತಿರುಗಿಸಲು ಹೋಗುತ್ತಾರೆ. ದೋಷ ಅಲ್ಲಿರುವುದಕ್ಕಿಂತ ಬೆಳಕಿನಲ್ಲಿ ಅಥವಾ ನಳಿಕೆಯೊಳಗೇ ಇರುವುದು ಹೆಚ್ಚು.

ಮೊದಲು ಕಾರ್ಡಿನ ಮೇಲಿನ ಅಕ್ಷರ ಓದಿ

ಕಾರ್ಡಿನಲ್ಲಿ `NO3` ಎಂದು ಬರೆದಿದೆಯೋ, `NO3-N` ಎಂದಿದೆಯೋ ನೋಡಿ. ಎರಡನೆಯದು ನೈಟ್ರೇಟಿನಲ್ಲಿರುವ ಸಾರಜನಕದ ತೂಕವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ. ಅದನ್ನು 4.43ರಿಂದ ಗುಣಿಸಿದರೆ ನೈಟ್ರೇಟ್ ಸಿಗುತ್ತದೆ. `NO3-N` ಕಾರ್ಡಿನಲ್ಲಿ 10 ಎಂದು ಓದಿದರೆ ನಿಜವಾದ ನೈಟ್ರೇಟ್ 44, ಅಂದರೆ ಮಿತಿಯ ಅಂಚು. ಎರಡು ಬೇರೆ ಕಿಟ್‌ಗಳ ಓದಿಕೆ ನಾಲ್ಕೂವರೆ ಪಟ್ಟಿನಷ್ಟು ದೂರವಿದ್ದರೆ ಬೆಳಕನ್ನೂ ಕ್ಯಾಮೆರಾವನ್ನೂ ಮುಟ್ಟಬೇಡಿ, ಇದೇ ಕಾರಣ.

ನಳಿಕೆಯ ದೋಷವೋ, ಚಿತ್ರದ ದೋಷವೋ?

ಇದನ್ನು ಬೇರ್ಪಡಿಸದೆ ಮುಂದೆ ಹೋದರೆ ಶ್ರಮವೆಲ್ಲ ವ್ಯರ್ಥ. ಬೇಕಾಗುವುದು ಎರಡು ನೀರು: ನೈಟ್ರೇಟ್ ಇಲ್ಲವೇ ಇಲ್ಲದ್ದು ಒಂದು, ಎಷ್ಟಿದೆ ಎಂದು ನಮಗೆ ಗೊತ್ತಿರುವುದು ಇನ್ನೊಂದು.

ಮೊದಲನೆಯದಕ್ಕೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಾಕು. ಅದಕ್ಕೂ ಪುಡಿ ಹಾಕಿ, ಅಷ್ಟೇ ನಿಮಿಷ ಕಾಯಿರಿ. ಇದನ್ನು ಇಲ್ಲಿಂದ ಮುಂದೆ ‘ಬ್ಲಾಂಕ್’ ಎನ್ನೋಣ. ಅದೇ ಗುಲಾಬಿಯಾದರೆ ಒಂದೋ ಆ ನೀರು ಶುದ್ಧವಲ್ಲ, ಇಲ್ಲವೇ ನಳಿಕೆ ಸರಿಯಾಗಿ ತೊಳೆದಿಲ್ಲ. ಇನ್ನೊಂದು ಕಂಪನಿಯ ನೀರಿನಲ್ಲಿ, ಹೊಸದಾಗಿ ತೊಳೆದ ನಳಿಕೆಯಲ್ಲಿ ಮತ್ತೆ ಮಾಡಿ. ಆಗಲೂ ಗುಲಾಬಿ ಬಂದರೆ ಪುಡಿಯೇ ಕೆಟ್ಟಿದೆ.

ಎರಡನೆಯದಕ್ಕೆ ಪೊಟ್ಯಾಸಿಯಂ ನೈಟ್ರೇಟ್ ಬೇಕು. ಕಾಲೇಜಿನ ರಸಾಯನ ಪ್ರಯೋಗಾಲಯದ ಶುದ್ಧ ಉಪ್ಪು ಸಿಕ್ಕರೆ 1.63 ಗ್ರಾಂ ತೂಗಿ, ಡಿಸ್ಟಿಲ್ಡ್ ವಾಟರ್‌ನಲ್ಲಿ ಕರಗಿಸಿ ಒಂದು ಲೀಟರ್ ಮಾಡಿ. ಅದರಲ್ಲಿ ಲೀಟರಿಗೆ 1000 ಮಿಲಿಗ್ರಾಂ ನೈಟ್ರೇಟ್ ಇರುತ್ತದೆ. ಹನಿ ನೀರಾವರಿಗೆ ಬಳಸುವ 13-0-45 ಗೊಬ್ಬರವೂ ಇದೇ ಉಪ್ಪು, ಆದರೆ ಶುದ್ಧ ಉಪ್ಪಿನಲ್ಲಿ ಸಾರಜನಕ ಶೇ. 13.85 ಇದ್ದರೆ ಗೊಬ್ಬರದ ಚೀಲ ಶೇ. 13 ಎನ್ನುತ್ತದೆ. ಆದ್ದರಿಂದ ಗೊಬ್ಬರವಾದರೆ 1.74 ಗ್ರಾಂ ತೂಗಬೇಕು, ಅದೂ ತೇವ ಹೀರದೆ ಒಣಗಿರುವ ಗೊಬ್ಬರವೇ ಆಗಬೇಕು. ಅಕ್ಕಸಾಲಿಗರ ಮಾದರಿಯ ಚಿಕ್ಕ ತಕ್ಕಡಿ, 0.01 ಗ್ರಾಂವರೆಗೆ ತೋರಿಸುವಂಥದ್ದು, ಇದಕ್ಕೆ ಸಾಕು. ಅಡುಗೆಮನೆಯ ತಕ್ಕಡಿ ಸಾಲದು.

ಈ ಗಟ್ಟಿ ದ್ರಾವಣದ 10 ಮಿ.ಲೀ. ಅನ್ನು ಸೂಜಿ ತೆಗೆದ ಸಿರಿಂಜಿನಲ್ಲಿ ಎಳೆದು, ಡಿಸ್ಟಿಲ್ಡ್ ವಾಟರ್ ಸೇರಿಸಿ ಒಟ್ಟು 200 ಮಿ.ಲೀ. ಮಾಡಿದರೆ 50 ಮಿಲಿಗ್ರಾಂನ ನೀರು ಸಿದ್ಧ. ಅದಕ್ಕೆ ಸಮ ಪ್ರಮಾಣದ ಡಿಸ್ಟಿಲ್ಡ್ ವಾಟರ್ ಬೆರೆಸಿದರೆ 25. ಇನ್ನೊಮ್ಮೆ ಹಾಗೇ ಮಾಡಿದರೆ 12.5. ಬಾಟಲಿಗಳ ಮೇಲೆ ‘ಕುಡಿಯಬಾರದು’ ಎಂದು ದೊಡ್ಡದಾಗಿ ಬರೆದು, ಮಕ್ಕಳ ಕೈಗೆ ಸಿಗದಲ್ಲಿ ಇಡಿ.

ಈಗ 50ರ ನೀರನ್ನು ಎರಡು ನಳಿಕೆಗಳಲ್ಲಿ ಬೇರೆ ಬೇರೆಯಾಗಿ ಪರೀಕ್ಷಿಸಿ, ಎರಡನ್ನೂ ಒಂದೇ ಚಿತ್ರದಲ್ಲಿ ತೆಗೆಯಿರಿ. ಎರಡರ ಬಣ್ಣವೂ ಒಂದೇ ಆಗಿದ್ದರೆ ರಸಾಯನ ಸರಿ, ದೋಷ ಬೆಳಕಿನದ್ದೋ ಕ್ಯಾಮೆರಾದ್ದೋ. ಒಂದೇ ಚಿತ್ರದಲ್ಲೂ ಒಂದು ನಸು, ಒಂದು ಗಾಢವಾಗಿದ್ದರೆ ಕ್ಯಾಮೆರಾ ಏನೂ ತಪ್ಪು ಮಾಡಿಲ್ಲ.

ನಳಿಕೆಯೊಳಗಿನ ದೋಷಕ್ಕೆ ಸಾಮಾನ್ಯ ಕಾರಣ ಕುಲುಕುವಿಕೆ ಮತ್ತು ಸಮಯ. ಇಂಥ ಪುಡಿಗಳಲ್ಲಿ ಸಾಮಾನ್ಯವಾಗಿ ಸತುವಿನ ಸಣ್ಣ ಕಣಗಳು ನೈಟ್ರೇಟನ್ನು ಮೊದಲು ನೈಟ್ರೈಟ್ ಆಗಿಸುತ್ತವೆ. ಆ ನೈಟ್ರೈಟ್ ಉಳಿದ ಎರಡು ರಾಸಾಯನಿಕಗಳೊಡನೆ ಸೇರಿದಾಗ ಗುಲಾಬಿ ಬಣ್ಣ ಹುಟ್ಟುತ್ತದೆ. ಸತು ನೀರಿನಲ್ಲಿ ಕರಗದೆ ತಳಕ್ಕೆ ಇಳಿಯುವುದರಿಂದ, ಎಷ್ಟು ಜೋರಾಗಿ ಎಷ್ಟು ಹೊತ್ತು ಕುಲುಕಿದಿರಿ ಎಂಬುದರ ಮೇಲೆಯೇ ಎಷ್ಟು ನೈಟ್ರೇಟ್ ಬದಲಾಯಿತು ಎಂಬುದು ನಿಂತಿದೆ. ಒಬ್ಬರೇ ಕುಲುಕಿ, ಗಡಿಯಾರ ನೋಡಿ ಕುಲುಕಿ. ಐದು ನಳಿಕೆಗಳಿದ್ದರೆ ಒಂದಾದ ಮೇಲೆ ಒಂದಕ್ಕೆ ಪುಡಿ ಹಾಕುತ್ತಾ ಹೋಗುವ ಬದಲು, ಎಲ್ಲವನ್ನೂ ಒಂದು ಸ್ಟ್ಯಾಂಡಿನಲ್ಲಿ ಕಟ್ಟಿ ಒಟ್ಟಿಗೆ ಕುಲುಕುವುದು ಒಳ್ಳೆಯದು. ಬಣ್ಣ ನಿಂತ ಮೇಲೂ ನಿಧಾನಕ್ಕೆ ಬದಲಾಗುತ್ತದೆ. ಕಿಟ್ ಹೇಳಿದ ನಿಮಿಷ ಮುಗಿದ ತಕ್ಷಣ ಚಿತ್ರ ತೆಗೆಯಬೇಕು, ಸಂಜೆಗೆಂದು ಇಟ್ಟುಕೊಳ್ಳಬಾರದು. ನೀರು ಮಬ್ಬಾಗಿದ್ದರೆ ಕಣಗಳು ತಳ ಸೇರಲಿ, ಚಿತ್ರದಿಂದ ಬಣ್ಣ ಅಳೆಯುವಾಗ ನಳಿಕೆಯ ಮೇಲಿನ ಅರ್ಧವನ್ನೇ ಆರಿಸಿ.

ಬೆಳಕು

ಬೆಳಕಿನ ದೋಷ ಮೂರು ಬಗೆಯದು. ಮೂರನ್ನೂ ಒಂದು ಹಾಳೆ ಬಿಳಿ ಕಾಗದದಿಂದ ಪತ್ತೆ ಹಚ್ಚಬಹುದು.

ಮೊದಲನೆಯದು ಎರಡು ಬೆಳಕುಗಳ ಬೆರಕೆ. ಕಿಟಕಿಯ ಕಡೆಯಿಂದ ಆಕಾಶದ ನೀಲಿ ಛಾಯೆಯ ಬೆಳಕು, ಒಳಗಿನಿಂದ ಬಲ್ಬಿನ ಹಳದಿ. ನಳಿಕೆಯ ಒಂದು ಪಕ್ಕ ನೇರಳೆಯ ಕಡೆ, ಇನ್ನೊಂದು ಪಕ್ಕ ಕಿತ್ತಳೆಯ ಕಡೆ ವಾಲುತ್ತದೆ. ಕ್ಯಾಮೆರಾ ಇಡೀ ಚಿತ್ರಕ್ಕೆ ಒಂದೇ ತಿದ್ದುಪಡಿ ಮಾಡುವುದರಿಂದ ಎರಡನ್ನೂ ಸರಿಪಡಿಸಲಾರದು. ಬಿಳಿ ಕಾಗದದ ಮೇಲೆ ಪೆನ್ನು ನಿಲ್ಲಿಸಿ ನೆರಳು ನೋಡಿ. ಎರಡು ನೆರಳು ಬಿದ್ದು, ಅವುಗಳ ಛಾಯೆ ಬೇರೆ ಬೇರೆಯಾಗಿದ್ದರೆ ಬೆಳಕು ಬೆರೆತಿದೆ.

ಎರಡನೆಯದು ಸುತ್ತಲಿನ ಬಣ್ಣ. ಹಸಿರು ಗಿಡಗಳ ಪಕ್ಕದಲ್ಲಿ, ನೀಲಿ ಟಾರ್ಪಾಲಿನ ಕೆಳಗೆ, ಬಣ್ಣ ಬಳಿದ ಗೋಡೆಯ ಎದುರು ನಿಂತರೆ ಆ ಬಣ್ಣ ನಳಿಕೆಯ ಮೇಲೂ ಬೀಳುತ್ತದೆ. ಚಿತ್ರ ತೆಗೆಯುವವರ ಅಂಗಿಯೂ ಇದರಲ್ಲಿ ಸೇರಿದೆ. ಕೆಂಪು ಅಂಗಿಯಿಂದ ತಿರುಗಿದ ಬೆಳಕು ನಸುಗುಲಾಬಿ ನಳಿಕೆಯನ್ನು ಒಂದು ಚೌಕ ಮೇಲಕ್ಕೆ ದೂಡಬಲ್ಲದು. ನಾವು ಬೆಳಕಿನ ವಿಷಯದಲ್ಲಿ ಮೊದಲು ಕೇಳುವ ಪ್ರಶ್ನೆಯೇ ‘ಯಾವ ಬಣ್ಣದ ಬಟ್ಟೆ ಹಾಕಿದ್ದಿರಿ’ ಎಂಬುದು.

ಮೂರನೆಯದು ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಬೆಳಕು. ಇದನ್ನು ಕಣ್ಣು ಗುರುತಿಸುವುದೇ ಇಲ್ಲ. ನಳಿಕೆ ನಿಲ್ಲುವ ಜಾಗದಲ್ಲಿ ಬರೀ ಬಿಳಿ ಕಾಗದ ಇಟ್ಟು ಚಿತ್ರ ತೆಗೆದು, ಎಡ, ನಡು, ಬಲ ಮೂರು ಕಡೆ ಹಸಿರು ಅಂಕಿ ನೋಡಿ. ಈ ಅಂಕಿ ನೋಡುವ ಬಗೆ ಮುಂದೆ ಬರುತ್ತದೆ. ಮೂರೂ 3–4 ಅಂಕಿಯ ಒಳಗೆ ಇದ್ದರೆ ಸರಿ. ಇಲ್ಲದಿದ್ದರೆ ಗಾಢವಾಗಿ ಕಂಡ ನಳಿಕೆ ಬರೀ ನೆರಳಿನಲ್ಲಿ ನಿಂತಿರಬಹುದು.

ಮೂರಕ್ಕೂ ಒಂದೇ ಪರಿಹಾರ, ರಟ್ಟಿನ ಡಬ್ಬಿ. ಸುಮಾರು ಒಂದೂವರೆ ಅಡಿ ಅಗಲದ ಡಬ್ಬಿ ತೆಗೆದುಕೊಂಡು ಒಳಗೆಲ್ಲ ಹೊಳಪಿಲ್ಲದ ಬಿಳಿ ಡ್ರಾಯಿಂಗ್ ಹಾಳೆ ಅಂಟಿಸಿ. ಮೇಲ್ಭಾಗವನ್ನು ಕತ್ತರಿಸಿ ತೆಗೆದು ಅಲ್ಲಿ ಎರಡು ಪದರ ಬಟರ್ ಪೇಪರ್ ಬಿಗಿಯಾಗಿ ಹಾಕಿ. ಅದರ ಮೇಲೆ ಒಂದು ಅಡಿ ಎತ್ತರದಲ್ಲಿ 9 ವ್ಯಾಟ್‌ನ ಬಿಳಿ ಎಲ್‌ಇಡಿ ಬಲ್ಬ್ ತೂಗುಹಾಕಿ. ಎದುರು ಮುಖಕ್ಕೆ ಕಪ್ಪು ಹಾಳೆ ಹಚ್ಚಿ, ನಡುವೆ ಕ್ಯಾಮೆರಾ ಇಣುಕುವಷ್ಟು ಮಾತ್ರ ತೂತು ಮಾಡಿ. ಕಪ್ಪು ಹಾಳೆ ಇಲ್ಲದಿದ್ದರೆ ನಳಿಕೆಯ ಗಾಜಿನಲ್ಲಿ ಫೋನಿನ ಮತ್ತು ಕೈಗಳ ಪ್ರತಿಬಿಂಬ ಮೂಡುತ್ತದೆ. ಕೋಣೆಯ ಬೇರೆ ದೀಪ ಆರಿಸಿ, ಬಲ್ಬ್ ಹಚ್ಚಿ ಹತ್ತು ನಿಮಿಷ ಬಿಟ್ಟು ಕೆಲಸ ಶುರುಮಾಡಿ. ಫೋನಿನ ಫ್ಲಾಷ್ ಆರಿರಲೇಬೇಕು. ಅದು ನಳಿಕೆಯ ನಡುವೆ ಬಿಳಿ ಗೆರೆ ಎಳೆಯುತ್ತದೆ, ಹತ್ತಿರದ ನಳಿಕೆಗೆ ಹೆಚ್ಚು ಬೆಳಕು ಕೊಡುತ್ತದೆ.

ನಳಿಕೆಗಳು ಹಿಂದಿನ ಬಿಳಿ ಹಾಳೆಯಿಂದ ಎರಡು ಸೆಂಟಿಮೀಟರ್ ಮುಂದೆ, ಒಂದೇ ಸಾಲಿನಲ್ಲಿ ನಿಲ್ಲಲಿ. ಕಾರ್ಡೂ ಅದೇ ಸಾಲಿನಲ್ಲಿ, ಅದೇ ಬೆಳಕಿನಲ್ಲಿ ಇರಬೇಕು. ನಳಿಕೆಯನ್ನು ಕಿಟಕಿಗೆ ಎತ್ತಿ ಹಿಡಿದು, ಕಾರ್ಡನ್ನು ಕೆಳಗೆ ಹಿಡಿಯುವುದು ತುಂಬ ಕಡೆ ಕಾಣುವ ತಪ್ಪು. ಆಗ ನಳಿಕೆಗೆ ಬೆಳಕು ಹಿಂದಿನಿಂದ ತೂರಿ ಬರುತ್ತದೆ, ಕಾರ್ಡಿಗೆ ಮುಂದಿನಿಂದ ಬಿದ್ದು ತಿರುಗುತ್ತದೆ. ಎರಡನ್ನೂ ಹೋಲಿಸುವಂತೆಯೇ ಇಲ್ಲ.

ಕ್ಯಾಮೆರಾ

ಬೆಳಕು ಸ್ಥಿರವಾದ ಮೇಲೂ ಒಂದರ ಹಿಂದೆ ಒಂದು ತೆಗೆದ ಚಿತ್ರಗಳಲ್ಲಿ ಬಣ್ಣ ಬದಲಾದರೆ ಆಗ ಫೋನನ್ನು ನೋಡಿ.

ಫೋನಿಗೆ ಎದುರಿನ ವಸ್ತು ಗುಲಾಬಿಯೋ ಬೆಳಕು ಗುಲಾಬಿಯೋ ಗೊತ್ತಾಗುವುದಿಲ್ಲ. ಚಿತ್ರದ ತುಂಬ ಗುಲಾಬಿ ನಳಿಕೆಗಳಿದ್ದರೆ, ಬೆಳಕೇ ಹಾಗಿದೆ ಎಂದು ತಿಳಿದು ಎಲ್ಲವನ್ನೂ ಹಸಿರಿನ ಕಡೆಗೆ ತಿದ್ದಿಬಿಡುತ್ತದೆ. ಆಗ ಬಣ್ಣ ತಿಳಿಯಾಗಿ ಕಾಣುತ್ತದೆ, ನೈಟ್ರೇಟ್ ಕಡಿಮೆ ಎಂದು ಮೋಸವಾಗುತ್ತದೆ. ಪತ್ತೆ ಸುಲಭ: ಚಿತ್ರದಲ್ಲಿನ ಬಿಳಿ ಹಾಳೆ ನೋಡಿ. ಅದು ನಸುಹಸಿರಾಗಿದ್ದರೆ ಇದೇ ಆಗಿದೆ. ಚಿತ್ರದ ಅರ್ಧಕ್ಕಿಂತ ಹೆಚ್ಚು ಭಾಗ ಬಿಳಿಯೇ ಇರುವಂತೆ ಫೋನನ್ನು ಹಿಂದಕ್ಕೆ ಸರಿಸಿ.

ಪ್ರೊ ಮೋಡ್ ಇರುವ ಫೋನಾದರೆ ಎಲ್ಲವನ್ನೂ ಕೈಯಿಂದಲೇ ಹೊಂದಿಸಿ. ಐಎಸ್‌ಒ 100, ವೈಟ್ ಬ್ಯಾಲೆನ್ಸ್ 5500, ಷಟರ್ 1/50 ಅಥವಾ 1/100. ನಮ್ಮ ಕರೆಂಟು 50 ಹರ್ಟ್ಸ್‌ನದ್ದು, ಅಗ್ಗದ ಬಲ್ಬ್ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಷಟರ್ ಅದಕ್ಕಿಂತ ವೇಗವಾಗಿದ್ದರೆ ಚಿತ್ರದಲ್ಲಿ ಅಡ್ಡಡ್ಡ ಕಪ್ಪು ಪಟ್ಟಿ ಬೀಳುತ್ತದೆ, ಪಟ್ಟಿಯಲ್ಲಿ ಸಿಕ್ಕ ನಳಿಕೆ ಗಾಢವಾಗುತ್ತದೆ. ಪ್ರೊ ಮೋಡ್ ಇಲ್ಲದಿದ್ದರೆ ಬಿಳಿ ಹಾಳೆಯ ಮೇಲೆ ಬೆರಳನ್ನು ಒತ್ತಿ ಹಿಡಿಯಿರಿ. ಬಹಳಷ್ಟು ಫೋನ್‌ಗಳಲ್ಲಿ ಬೀಗದ ಚಿಹ್ನೆ ಬಂದು ಬೆಳಕಿನ ಮಟ್ಟ ಅಲ್ಲಿಗೆ ನಿಲ್ಲುತ್ತದೆ.

ಎಚ್‌ಡಿಆರ್, ನೈಟ್ ಮೋಡ್, ದೃಶ್ಯ ನೋಡಿ ತಾನೇ ಬಣ್ಣ ಹೆಚ್ಚಿಸುವ ಸೌಲಭ್ಯ, ಎಲ್ಲವನ್ನೂ ಆಫ್ ಮಾಡಿ. ಎಚ್‌ಡಿಆರ್ ಚಿತ್ರದ ಒಂದೊಂದು ಭಾಗವನ್ನು ಒಂದೊಂದು ಬಗೆಯಾಗಿ ಬೆಳಗಿಸುತ್ತದೆ, ಹೋಲಿಕೆಗೆ ಇದಕ್ಕಿಂತ ದೊಡ್ಡ ಶತ್ರು ಇಲ್ಲ. ನಿಜಕ್ಕೂ ಆಫ್ ಆಗಿದೆಯೇ ಎಂದು ಹೀಗೆ ನೋಡಿ: ಬ್ಲಾಂಕ್ ನಳಿಕೆಯ ಚಿತ್ರ ಒಂದು ತೆಗೆಯಿರಿ, ಪಕ್ಕದಲ್ಲಿ ಕಪ್ಪು ಹಾಳೆಯ ದೊಡ್ಡ ತುಂಡು ಇಟ್ಟು ಇನ್ನೊಂದು ತೆಗೆಯಿರಿ. ಬ್ಲಾಂಕಿನ ಅಂಕಿ 3ಕ್ಕಿಂತ ಹೆಚ್ಚು ಬದಲಾದರೆ ಫೋನ್ ಇನ್ನೂ ತನ್ನ ಕೆಲಸ ಬಿಟ್ಟಿಲ್ಲ. ಬೇರೆ ಕ್ಯಾಮೆರಾ ಆ್ಯಪ್ ಅಥವಾ ಬೇರೆ ಫೋನ್ ನೋಡಬೇಕು.

ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊ ಆಗಿ ಹೋದರೆ ಅದನ್ನು ಕುಗ್ಗಿಸುವಾಗ ಬಣ್ಣದ ವಿವರವೇ ಮೊದಲು ಹೋಗುತ್ತದೆ.

ಕಾರ್ಡ್

ಬೆಳಕು, ಫೋನು ಎರಡೂ ಸರಿಯಿದ್ದು, ಗೊತ್ತಿರುವ 25ರ ನೀರು ಚಿತ್ರದಲ್ಲಿ ಯಾವಾಗಲೂ 45ರ ಚೌಕಕ್ಕೇ ಹೊಂದುತ್ತಿದ್ದರೆ ದೋಷ ಕಾರ್ಡಿನದ್ದು. ಬಿಸಿಲಿನಲ್ಲಿ ಇಟ್ಟ ಕಾರ್ಡಿನ ಶಾಯಿ ಮಾಸುತ್ತದೆ. ಕಾರ್ಡಿನ ಜೆರಾಕ್ಸ್, ಫೋನಿನ ಪರದೆಯ ಮೇಲೆ ತೆರೆದ ಕಾರ್ಡಿನ ಚಿತ್ರ, ಇವನ್ನು ಬಳಸಲೇಬಾರದು.

ಆದರೆ ಹೊಚ್ಚ ಹೊಸ ಕಾರ್ಡಿನಲ್ಲೂ ಒಂದು ದೋಷ ಉಳಿದೇ ಇರುತ್ತದೆ, ಜಗಲಿಗೂ ಟ್ಯೂಬ್‌ಲೈಟಿಗೂ ಬರುವ ವ್ಯತ್ಯಾಸದ ಒಂದು ಬೇರು ಅದೇ. ನಳಿಕೆಯ ಗುಲಾಬಿ ಬಣ್ಣ ಬೆಳಕಿನ ಹಸಿರು ಭಾಗವನ್ನು, ಸುಮಾರು 540 ನ್ಯಾನೋಮೀಟರ್ ಆಸುಪಾಸಿನದ್ದನ್ನು, ನುಂಗುತ್ತದೆ. ಕಾರ್ಡಿನ ಗುಲಾಬಿಯಾದರೋ ಮುದ್ರಣದ ಶಾಯಿಗಳ ಬೆರಕೆ, ಅದು ನುಂಗುವ ಬೆಳಕಿನ ಪಾಲು ಬೇರೆ. ಎರಡೂ ಒಂದು ಬೆಳಕಿನಲ್ಲಿ ಮನುಷ್ಯನ ಕಣ್ಣಿಗೆ ಒಂದೇ ಕಾಣುವಂತೆ ಹೊಂದಿಸಿರುತ್ತಾರೆ. ಬೆಳಕು ಬದಲಾದರೆ ಆ ಹೊಂದಿಕೆ ತಪ್ಪುತ್ತದೆ. ಕಣ್ಣಿನ ಬದಲು ಕ್ಯಾಮೆರಾ ಬಂದರೆ ಇನ್ನೂ ತಪ್ಪುತ್ತದೆ, ಏಕೆಂದರೆ ಕ್ಯಾಮೆರಾದ ಕೆಂಪು, ಹಸಿರು, ನೀಲಿ ಸೋಸುಗಗಳು ಕಣ್ಣಿನಂತೆ ಇಲ್ಲ. ಯಾವ ಸೆಟ್ಟಿಂಗ್ ತಿರುಗಿಸಿದರೂ ಇದು ಸರಿಹೋಗುವುದಿಲ್ಲ.

ಹೀಗಾಗಿ ನಮ್ಮ ಮಾತು ಸ್ಪಷ್ಟ. ಕಾರ್ಡನ್ನು ಹಗಲಿನ ನೆರಳಿನಲ್ಲಿ ಕಣ್ಣಿನಿಂದ ಓದಲು ಇಟ್ಟುಕೊಳ್ಳಿ. ಕ್ಯಾಮೆರಾಕ್ಕೆ ಕಾರ್ಡ್ ಆಗಬೇಕಾದದ್ದು ಮೇಲೆ ಹೇಳಿದ 12.5, 25, 50ರ ನಳಿಕೆಗಳೇ. ಅವುಗಳಲ್ಲಿ ಇರುವುದು ಅದೇ ಬಣ್ಣ, ಅದೇ ಗಾಜು, ಅದೇ ದಪ್ಪ. ಬೆಳಕು ಕೊಂಚ ಹಳದಿಯಾದರೂ ಎಲ್ಲಕ್ಕೂ ಒಂದೇ ಬಗೆಯಾಗಿ ಆಗುತ್ತದೆ.

ಅಂಕಿ ತೆಗೆಯುವುದು, ಒಂದು ಲೆಕ್ಕದ ಜೊತೆ

ಚಿತ್ರದ ಪ್ರತಿ ಚುಕ್ಕೆಗೂ ಕೆಂಪು, ಹಸಿರು, ನೀಲಿ ಮೂರು ಅಂಕಿ ಇರುತ್ತವೆ, 0ಯಿಂದ 255ರವರೆಗೆ. ಗುಲಾಬಿ ಬಣ್ಣ ನುಂಗುವುದು ಹಸಿರನ್ನು, ಆದ್ದರಿಂದ ನಮಗೆ ಬೇಕಾದದ್ದು `G` ಒಂದೇ. ನೈಟ್ರೇಟ್ ಹೆಚ್ಚಿದಷ್ಟೂ ಅದು ಇಳಿಯುತ್ತದೆ. ಕೆಂಪು ಅಷ್ಟಾಗಿ ಅಲುಗುವುದಿಲ್ಲ. ಬಣ್ಣ ತೋರಿಸುವ ಆ್ಯಪ್‌ನಲ್ಲಾಗಲಿ, ಕಂಪ್ಯೂಟರಿನ ಗಿಂಪ್ ತಂತ್ರಾಂಶದ ಬಣ್ಣ ಹೆಕ್ಕುವ ಸಾಧನದಲ್ಲಾಗಲಿ ಇದನ್ನು ನೋಡಬಹುದು. ಒಂದೇ ಚುಕ್ಕೆ ಮುಟ್ಟಬೇಡಿ, ಸರಾಸರಿ ತೆಗೆಯುವ ಆಯ್ಕೆ ಹಾಕಿ. ನಳಿಕೆಯ ಅಗಲದ ನಡುವಿನ ಮೂರನೇ ಒಂದು ಭಾಗದಲ್ಲಿ, ಗಾಜಿನ ಹೊಳಪಿನ ಗೆರೆ ತಪ್ಪಿಸಿ ಆರಿಸಿ.

ಮೊದಲು ಹಿಂದಿನ ಬಿಳಿ ಹಾಳೆಯ `G` ನೋಡಿ. ಅದು 255 ಆಗಿದ್ದರೆ ಚಿತ್ರ ಅತಿಯಾಗಿ ಬೆಳಗಿದೆ, ಅಲ್ಲಿ ಮಾಹಿತಿಯೇ ಉಳಿದಿಲ್ಲ. 210ರಿಂದ 240ರ ನಡುವೆ ಬರುವಂತೆ ಬೆಳಕು ಹೊಂದಿಸಿ ಮತ್ತೆ ತೆಗೆಯಿರಿ.

`G` ಅಂಕಿ ಅರ್ಧವಾದರೆ ಬೆಳಕು ಅರ್ಧವಾಯಿತು ಎಂದಲ್ಲ. ಪರದೆಯಲ್ಲಿ ಚೆನ್ನಾಗಿ ಕಾಣಲೆಂದು ಫೋನ್ ಅಂಕಿಗಳನ್ನು ಬಾಗಿಸಿ ಬರೆದಿರುತ್ತದೆ. ಆ ಬಾಗನ್ನು ಬಿಡಿಸಿ, ಎಷ್ಟು ಬೆಳಕು ನುಂಗಲ್ಪಟ್ಟಿದೆ ಎಂದು ಹೇಳುವ ಸೂತ್ರ ಫೋನಿನ ಕ್ಯಾಲ್ಕುಲೇಟರಿಗೂ ಸಾಲುವಷ್ಟು ಚಿಕ್ಕದು:

```
A = 2.4 * log10((G_blank + 14) / (G_tube + 14))
```

ಒಂದು ಚಿತ್ರದ ಅಂಕಿಗಳು ಹೀಗಿವೆ ಎಂದುಕೊಳ್ಳೋಣ. ಬ್ಲಾಂಕ್ 205, 12.5ರ ನಳಿಕೆ 171, 25ರದ್ದು 142, 50ರದ್ದು 100, ಬೋರ್‌ವೆಲ್ ನೀರಿನದ್ದು 112. ಬೋರ್‌ವೆಲ್ ನೀರಿಗೆ 219ನ್ನು 126ರಿಂದ ಭಾಗಿಸಿ, ಲಾಗ್ ತೆಗೆದು, 2.4ರಿಂದ ಗುಣಿಸಿದರೆ 0.576 ಬರುತ್ತದೆ. ಅದೇ ರೀತಿ ಉಳಿದ ಮೂರಕ್ಕೆ ಕ್ರಮವಾಗಿ 0.176, 0.354, 0.680.

ಇಲ್ಲಿ ನಿಂತು ಈ ಮೂರನ್ನು ನೋಡಬೇಕು. ನೈಟ್ರೇಟ್ 12.5ರಿಂದ 25 ಆದಾಗ ಅಂಕಿಯೂ 0.176ರಿಂದ ಎರಡರಷ್ಟಾಗಿ 0.354 ಆಗಿದೆ. 25ರಿಂದ 50 ಆದಾಗ 0.708 ಆಗಬೇಕಿತ್ತು, 0.680 ಆಗಿದೆ, ಸ್ವಲ್ಪವಷ್ಟೇ ಹಿಂದೆ ಬಿದ್ದಿದೆ. ಇಷ್ಟು ಬಾಗು ಸಹಜ, ಫೋನ್‌ಗಳು ಈ ಸೂತ್ರವನ್ನು ಅಚ್ಚುಕಟ್ಟಾಗಿ ಪಾಲಿಸುವುದಿಲ್ಲ. ಎರಡು ಗೊತ್ತಿರುವ ನಳಿಕೆಗಳ ನಡುವೆಯೇ ಓದುವುದರಿಂದ ಅದು ತೊಂದರೆ ಕೊಡುವುದಿಲ್ಲ. 0.50 ಎಂದು ಬಂದಿದ್ದರೆ ಮಾತ್ರ ಚಿಂತಿಸಬೇಕು.

ಬೋರ್‌ವೆಲ್ ನೀರಿನ 0.576 ಎಂಬುದು 0.354 ಮತ್ತು 0.680ರ ನಡುವೆ ಇದೆ. ಕೆಳಗಿನದಕ್ಕಿಂತ 0.222 ಮೇಲೆ, ಒಟ್ಟು ಅಂತರ 0.326. ಅಂದರೆ 25ರಿಂದ 50ರ ದಾರಿಯಲ್ಲಿ ನೂರಕ್ಕೆ 68 ಭಾಗ ಮುಂದೆ. 25ಕ್ಕೆ 17 ಸೇರಿಸಿದರೆ 42.

ಈ 42ನ್ನು ನಂಬುವ ಮುಂಚೆ ಇನ್ನೊಂದು ಪರೀಕ್ಷೆ ಬಾಕಿ ಇದೆ. ಬೋರ್‌ವೆಲ್ ನೀರಿಗೆ ಸಮಪಾಲು ಡಿಸ್ಟಿಲ್ಡ್ ವಾಟರ್ ಬೆರೆಸಿ, ಅದಕ್ಕೂ ಪುಡಿ ಹಾಕಿ, ಉಳಿದ ನಳಿಕೆಗಳ ಜೊತೆಯಲ್ಲೇ ನಿಲ್ಲಿಸಿ. ಅದರ `G` 151 ಬಂದರೆ ಲೆಕ್ಕ 0.295, ಅಂದರೆ 12.5 ಮತ್ತು 25ರ ನಡುವೆ 20.9. ಎರಡರಿಂದ ಗುಣಿಸಿದರೆ 41.8. ಎರಡು ದಾರಿಯಲ್ಲೂ ಒಂದೇ ಊರು ಸೇರಿದ್ದರಿಂದ ಓದಿಕೆ ಗಟ್ಟಿ.

ಗಾಢ ನಳಿಕೆಗಳೆಲ್ಲ ಒಂದೇ ಆಗಿ ಕಂಡರೆ

50 ಮತ್ತು 100ರ ನಡುವೆ ವ್ಯತ್ಯಾಸವೇ ಕಾಣುತ್ತಿಲ್ಲ ಎಂಬ ದೂರಿಗೆ ಎರಡು ಮುಖ್ಯ ಕಾರಣ, ಒಂದು ಕ್ಯಾಮೆರಾದ್ದು, ಒಂದು ಪುಡಿಯದ್ದು. ಲೆನ್ಸಿನ ಮೇಲೆ ಬೆರಳಿನ ಎಣ್ಣೆ ಇದ್ದರೆ ಸುತ್ತಲಿನ ಬಿಳಿಯ ಬೆಳಕು ಚದುರಿ ಗಾಢ ನಳಿಕೆಯ ಮೇಲೂ ತೆಳುವಾಗಿ ಹರಡುತ್ತದೆ. ನಸು ನಳಿಕೆಗಳಿಗೆ ಇದರಿಂದ ಅಷ್ಟೇನೂ ಆಗದು, ಗಾಢವಾದವು ಮಾತ್ರ ತಿಳಿಯಾಗುತ್ತವೆ. ಮೆತ್ತನೆಯ ಹತ್ತಿ ಬಟ್ಟೆಯಿಂದ ಲೆನ್ಸ್ ಒರೆಸಿ ಮತ್ತೆ ತೆಗೆಯಿರಿ. ಆಗಲೂ ಹಾಗೇ ಇದ್ದರೆ ಪುಡಿಯ ಮಿತಿ ಮುಗಿದಿದೆ. ಒಂದು ಪೊಟ್ಟಣದ ಪುಡಿ ಒಂದಿಷ್ಟು ನೈಟ್ರೇಟಿಗಷ್ಟೇ ಸಾಕಾಗುತ್ತದೆ, ಅದರ ಮೇಲೆ ಎಷ್ಟಿದ್ದರೂ ಬಣ್ಣ ಏರುವುದಿಲ್ಲ.

ಎರಡನ್ನೂ ಬೇರ್ಪಡಿಸುವುದು ಬೆರಕೆಯ ಪರೀಕ್ಷೆಯೇ. ಹಾಗೇ ಓದಿದಾಗ 48, ಅರ್ಧ ಮಾಡಿ ಓದಿ ಗುಣಿಸಿದಾಗ 80 ಎಂದು ಬಂದರೆ, ಮೊದಲ ಓದಿಕೆ ಸುಳ್ಳು. ನಾಲ್ಕು ಪಾಲಾಗಿಸಿ, ಅಂದರೆ ಒಂದು ಪಾಲು ನೀರಿಗೆ ಮೂರು ಪಾಲು ಡಿಸ್ಟಿಲ್ಡ್ ವಾಟರ್ ಹಾಕಿ ಮತ್ತೆ ನೋಡಿ. ಎರಡು ಬೆರಕೆಗಳ ಉತ್ತರ ಒಂದಕ್ಕೊಂದು ಹೊಂದುವವರೆಗೆ ಹೀಗೆ ಮಾಡಬೇಕು. ಹೊಲಗದ್ದೆಗಳ ನಡುವಿನ, ಕೊಟ್ಟಿಗೆ ಅಥವಾ ಶೌಚದ ಗುಂಡಿ ಹತ್ತಿರದ ಬೋರ್‌ವೆಲ್‌ಗಳಲ್ಲಿ ನೈಟ್ರೇಟ್ 100 ದಾಟುವುದು ಅಪರೂಪವಲ್ಲ, ಅಲ್ಲಿ ಮೊದಲಿನಿಂದಲೇ ಬೆರಕೆ ಮಾಡಿ ಶುರುಮಾಡುವುದು ಒಳ್ಳೆಯದು. ಅಂಥ ಜಾಗದ ನೀರಿನಲ್ಲಿ ನೈಟ್ರೈಟೇ ಮೊದಲಿನಿಂದ ಇದ್ದರೆ ಅದೂ ಇದೇ ಗುಲಾಬಿ ಕೊಡುತ್ತದೆ. ನೈಟ್ರೈಟಿನ ಬೇರೆ ಪುಡಿ ಕಿಟ್‌ನಲ್ಲಿದ್ದರೆ ಅದನ್ನೂ ಹಾಕಿ ನೋಡಿ.

ಎಷ್ಟರ ಮಟ್ಟಿಗೆ ನಂಬಬಹುದು

ಮೇಲಿನ ಲೆಕ್ಕದಲ್ಲಿ `G` 112ರ ಬದಲು 111 ಆಗಿದ್ದರೆ ಉತ್ತರ ಸುಮಾರು 0.6 ಮಿಲಿಗ್ರಾಂ ಏರುತ್ತದೆ. ಒಳ್ಳೆಯ ಡಬ್ಬಿಯಲ್ಲೂ ಚಿತ್ರದಿಂದ ಚಿತ್ರಕ್ಕೆ ಎರಡು ಮೂರು ಅಂಕಿ ಅಲುಗುತ್ತದೆ, ಅಂದರೆ ಹತ್ತಿರ ಹತ್ತಿರ 2 ಮಿಲಿಗ್ರಾಂ. ತೂಕ, ಸಿರಿಂಜಿನ ಅಳತೆ, ಕುಲುಕುವಿಕೆ ಇವುಗಳ ತಪ್ಪು ಅದಕ್ಕಿಂತ ಹೆಚ್ಚು. ಎಲ್ಲ ಸೇರಿ ಹತ್ತರಲ್ಲಿ ಒಂದು ಪಾಲಿನಷ್ಟು ತಪ್ಪಿಗೆ ಜಾಗ ಬಿಡಿ. ಹಾಗೆ ನೋಡಿದರೆ 42 ಎಂಬುದು 38 ಇರಬಹುದು, 46 ಇರಬಹುದು. 45ರ ಮಿತಿಯ ಯಾವ ಬದಿಗಿದೆ ಎಂದು ಈ ವಿಧಾನ ಹೇಳಲಾರದು. 20 ಬಂದಿದ್ದರೆ ನೆಮ್ಮದಿ, 80 ಬಂದಿದ್ದರೆ ಆ ನೀರು ಕುಡಿಯಲು ಬೇಡ. 35ರಿಂದ 55ರ ನಡುವೆ ಬಂದರೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಕ್ಕೆ ಕಳಿಸಿ.

ಕಳಿಸುವ ನೀರು ಚೆನ್ನಾಗಿ ತೊಳೆದ ಪ್ಲಾಸ್ಟಿಕ್ ಬಾಟಲಿಯಲ್ಲಿ ಇರಲಿ. ಮೋಟಾರು ಐದು ಹತ್ತು ನಿಮಿಷ ಓಡಿದ ಮೇಲೆ, ಅದೇ ನೀರಿನಿಂದ ಬಾಟಲಿಯನ್ನು ಮೂರು ಸಲ ಜಾಲಿಸಿ ತುಂಬಿ. ಬೆಚ್ಚಗಿದ್ದರೆ ಸೂಕ್ಷ್ಮಜೀವಿಗಳು ನೈಟ್ರೇಟನ್ನು ತಿಂದು ಅಂಕಿ ಇಳಿಯುತ್ತದೆ, ಆದ್ದರಿಂದ ಐಸ್ ಜೊತೆ ಇಟ್ಟು 48 ಗಂಟೆಯೊಳಗೆ ತಲುಪಿಸಿ. ಬಾಟಲಿಯ ಮೇಲೆ ಬೋರ್‌ವೆಲ್‌ನ ಜಾಗ, ತುಂಬಿದ ದಿನ ಮತ್ತು ಗಂಟೆ ಬರೆದಿರಲಿ. ಪರೀಕ್ಷೆ ಮುಗಿದ ನಳಿಕೆಗಳ ನೀರನ್ನು ಬಾವಿ, ಕೊಳವೆಬಾವಿ, ದನದ ತೊಟ್ಟಿಗಳ ಹತ್ತಿರ ಚೆಲ್ಲಬೇಡಿ, ಒಂದು ಡಬ್ಬಿಯಲ್ಲಿ ಕೂಡಿಟ್ಟು, ನೀರಿನ ಮಾದರಿ ಒಯ್ಯುವಾಗ ಅದನ್ನು ಎಲ್ಲಿ ಹಾಕಬೇಕೆಂದು ಪ್ರಯೋಗಾಲಯದವರನ್ನೇ ಕೇಳಿ.